ಸಾಗರದ ಅಪಾರ್ಟ್‌ಮೆಂಟ್: ಹಿಂದಿನ ಬ್ಲಾಕಿಗೆ 70ರ ಕೇಬಲ್ ಸಾಕು ಎನ್ನುತ್ತದೆ ವರದಿ, ಲೆಕ್ಕ ಸರಿಯಿದೆಯೇ?

ಸಹನಾ_ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರದ ಹೊರಗೆ ಗುಡ್ಡದ ಇಳಿಜಾರಿನಲ್ಲಿ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ನಾವು ಮನೆ ತಗೊಂಡಿದ್ದೇವೆ. ಎರಡು ಬ್ಲಾಕ್. ಎ ಬ್ಲಾಕ್ ರಸ್ತೆ ಪಕ್ಕದಲ್ಲಿ, ಬಿ ಬ್ಲಾಕ್ ಹಿಂದೆ ಧರೆಯ ಮೇಲೆ. ಟ್ರಾನ್ಸ್‌ಫಾರ್ಮರ್ ರಸ್ತೆ ಬದಿಗೆ ಬರುತ್ತದೆ. ನಮ್ಮದು ಬಿ ಬ್ಲಾಕ್, ನಾಲ್ಕು ಅಂತಸ್ತು, 24 ಮನೆ, ಪ್ರತಿ ಮನೆಗೂ ಎರಡು ಬಚ್ಚಲು.

ಮನೆ ತಗೊಂಡವರೆಲ್ಲ ಸೇರಿ ಒತ್ತಾಯಿಸಿದ ಮೇಲೆ ಬಿಲ್ಡರ್ ಕಡೆಯ ಕನ್ಸಲ್ಟೆಂಟ್ ಲೋಡ್ ಮತ್ತು ಕೇಬಲ್ ಲೆಕ್ಕದ ವರದಿ ಕೊಟ್ಟಿದ್ದಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಗುಣಾಕಾರ ಭಾಗಾಕಾರ ಸರಿಯಿದೆ, ಅದನ್ನು ನೋಡಿದ್ದೇನೆ. ಆದರೆ ಒಳಗೆ ಇಟ್ಟುಕೊಂಡ ಊಹೆಗಳು ಸರಿಯೇ ಎಂದು ಹೇಳಲು ನನಗೆ ಬರುವುದಿಲ್ಲ.

ವರದಿಯ ಸಾರ ಹೀಗಿದೆ. ಮನೆಗೆ 5 ಕಿಲೋವ್ಯಾಟ್‌ನಂತೆ 24 ಮನೆಗೆ 120. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಎಂದು ಡೈವರ್ಸಿಟಿ 0.4 ಹಾಕಿ 48. ಲಿಫ್ಟ್, ಪಂಪ್, ಮೆಟ್ಟಿಲ ದೀಪಕ್ಕೆ 12. ಒಟ್ಟು 60 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.9, ಕರೆಂಟ್ 93 ಆಂಪಿಯರ್. ಕೇಬಲ್ ಮೂರೂವರೆ ಕೋರಿನ 70 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ, ಎಕ್ಸ್‌ಎಲ್‌ಪಿಇ, ಆರ್ಮರ್ಡ್. ಉದ್ದ 130 ಮೀಟರ್. ವೋಲ್ಟೇಜ್ ಡ್ರಾಪ್ 9 ವೋಲ್ಟ್, ಅಂದರೆ ಶೇ. 2.2. ಮಿತಿ ಶೇ. 3, ಆದ್ದರಿಂದ ಸರಿ. ಕೆಳಗೆ ಒಂದು ಟಿಪ್ಪಣಿ: ಸೋಲಾರ್ ವಾಟರ್ ಹೀಟರ್ ಇರುವುದರಿಂದ ಗೀಸರ್ ಲೋಡನ್ನು ಪ್ರತ್ಯೇಕವಾಗಿ ಪರಿಗಣಿಸಿಲ್ಲ.

ಕೇಬಲ್ ಹಾಕಲು ತೋಡು ತೆಗೆದಾಗಿದೆ. ಮಳೆ ಹಿಡಿಯುವ ಮೊದಲು ಹಾಕಿ ಮುಚ್ಚುತ್ತಾರಂತೆ. ಮುಚ್ಚಿದ ಮೇಲೆ ಕೇಳಿ ಪ್ರಯೋಜನವಿಲ್ಲ, ಅದಕ್ಕೇ ಈಗ ಕೇಳುತ್ತಿದ್ದೇನೆ.

---

ವೈರಿಂಗ್_ರಫೀಕ್

ಮೇಡಂ, ನಾನು ಶಿವಮೊಗ್ಗ, ಭದ್ರಾವತಿ ಕಡೆ ಪ್ಯಾನೆಲ್, ಕೇಬಲ್ ಕೆಲಸ ಮಾಡುವವನು. 70ರ ಅಲ್ಯೂಮಿನಿಯಂ ಎಕ್ಸ್‌ಎಲ್‌ಪಿಇ ಕೇಬಲ್ ನೆಲದಡಿ 160 ಆಂಪಿಯರ್ ತನಕ ಎಳೆಯುತ್ತದೆ, ಕಂಪನಿ ಕೋಷ್ಟಕದಲ್ಲೇ ಇದೆ. ನಿಮ್ಮ ಲೋಡ್ 93. ಬೇಕಾದಷ್ಟು ಜಾಗ ಇದೆ. ಮೇಲಾಗಿ ನಮ್ಮ ಕಡೆ ಮಳೆಗಾಲದಲ್ಲಿ ಮಣ್ಣು ನೆನೆದೇ ಇರುತ್ತದೆ, ಒದ್ದೆ ಮಣ್ಣಿನಲ್ಲಿ ಕೇಬಲ್ ತಂಪಾಗಿರುತ್ತದೆ. ಕೇಬಲ್ ಸುಡುವ ಭಯ ಬೇಡ. ಕನ್ಸಲ್ಟೆಂಟ್ ಕಡಿಮೆ ಹಾಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

---

ಅಡಿಕೆತೋಟ_ಕೊಪ್ಪ

ವೋಲ್ಟೇಜ್ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ನಮ್ಮ ತೋಟದ ಬೋರ್‌ವೆಲ್ಲಿಗೆ 7.5 ಎಚ್‌ಪಿ ಮೋಟಾರ್. ಟ್ರಾನ್ಸ್‌ಫಾರ್ಮರ್ ತುಂಬ ದೂರ. ಸಂಜೆ ವೋಲ್ಟೇಜ್ 340ಕ್ಕೆ ಇಳಿಯುತ್ತದೆ, ಸ್ಟಾರ್ಟರ್ ಹಿಡಿಯುವುದೇ ಇಲ್ಲ. ಪಂಪ್ ಮನೆಯಿಂದ ಬೋರಿನ ತನಕ ಕೇಬಲ್ ಬದಲಿಸಿ ದಪ್ಪದ್ದು ಹಾಕಿಸಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಹಾಗಾಗಿ ದಪ್ಪ ಕೇಬಲ್ ಹಾಕಿಸಿದರೆ ವೋಲ್ಟೇಜ್ ಬರುತ್ತದೆ ಅನ್ನುವುದನ್ನು ನಂಬಬೇಡಿ ಮೇಡಂ.

---

ಜೋಗದ_ನೀರು

ಸಹನಾ ಅವರೇ, ತೋಡು ಮುಚ್ಚುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಇಂಥ ವರದಿಗಳನ್ನು ಮಾಡುವ, ತಿದ್ದುವ ಕೆಲಸದಲ್ಲೇ ನನ್ನ ನೌಕರಿ ಕಳೆದಿದೆ. ನಿಮ್ಮ ವರದಿಯಲ್ಲಿ ಸೂತ್ರ ತಪ್ಪಿಲ್ಲ. ಸೂತ್ರಕ್ಕೆ ಕೊಟ್ಟ ಅಂಕಿಗಳಲ್ಲಿ ಮೂರು ಸಣ್ಣದಾಗಿವೆ, ಮೂರೂ ಒಂದೇ ದಿಕ್ಕಿಗೆ ವಾಲಿವೆ. ಒಂದೊಂದಾಗಿ ನೋಡೋಣ.

ಮೊದಲು ಉದ್ದ. 130 ಮೀಟರ್ ಎನ್ನುವುದು ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ಇರಬೇಕು. ಕೇಬಲ್ ಹೋಗುವುದು ತೋಡಿನಲ್ಲಿ. ಧರೆಯ ತಡೆಗೋಡೆ ಸುತ್ತಿಕೊಂಡು ಹೋಗಬೇಕು, ಎರಡೂ ತುದಿಯಲ್ಲಿ ಪ್ಯಾನೆಲ್ ತನಕ ಏರಬೇಕು, ಮುಂದೆ ಜಾಯಿಂಟ್ ಬಂದರೆ ಇರಲಿ ಎಂದು ಒಂದು ಸುತ್ತು ಬಿಡಬೇಕು. ತೋಡಿನ ಗುಂಟ ಟೇಪ್ ಹಿಡಿದು ಅಳೆಸಿ. ಸದ್ಯಕ್ಕೆ 150 ಅಂದುಕೊಳ್ಳುತ್ತೇನೆ. ಅಷ್ಟಕ್ಕೇ 9 ವೋಲ್ಟ್ ಇದ್ದದ್ದು 10.4 ಆಗುತ್ತದೆ.

ಎರಡನೆಯದು ಕೇಬಲಿನ ರೆಸಿಸ್ಟೆನ್ಸ್. 9 ವೋಲ್ಟ್ ಬರಬೇಕಾದರೆ ಅವರು ಕಿಲೋಮೀಟರಿಗೆ 0.443 ಓಮ್ ಹಾಕಿರಲೇಬೇಕು. ಅದು 70ರ ಅಲ್ಯೂಮಿನಿಯಂಗೆ 20 ಡಿಗ್ರಿಯಲ್ಲಿ ಡಿಸಿ ರೆಸಿಸ್ಟೆನ್ಸ್, ಕೋಷ್ಟಕದ ಮೊದಲ ಕಾಲಮ್ಮಿನಲ್ಲಿ ಸಿಗುವ ಅಂಕಿ. ಲೋಡ್ ಇರುವ ಕೇಬಲ್ 20 ಡಿಗ್ರಿಯಲ್ಲಿ ಇರುವುದಿಲ್ಲ. ಎಕ್ಸ್‌ಎಲ್‌ಪಿಇಗೆ ಗರಿಷ್ಠ 90 ಡಿಗ್ರಿ, ಆಗ ಅದೇ ತಂತಿಯ ರೆಸಿಸ್ಟೆನ್ಸ್ 0.568. ಹಾಗೆ ಹಾಕಿದರೆ ಡ್ರಾಪ್ 13.1 ವೋಲ್ಟ್, ಶೇ. 3.2. ಲೋಡ್ ಮುಟ್ಟದೆಯೇ ಅವರ ಮಿತಿ ದಾಟಿತು.

ಮೂರನೆಯದು ಲೋಡ್, ಅದೇ ಎಲ್ಲಕ್ಕಿಂತ ದೊಡ್ಡದು. ಅದನ್ನು ಸಾವಕಾಶವಾಗಿ ಬರೆಯಬೇಕು, ರಾತ್ರಿ ಬರೆಯುತ್ತೇನೆ. ಅಷ್ಟರಲ್ಲಿ ಒಂದು ವಿಷಯ ತಿಳಿದುಕೊಂಡು ಹೇಳಿ: ಸೋಲಾರ್ ಟ್ಯಾಂಕಿನಿಂದ ಎಲ್ಲ ಬಚ್ಚಲಿಗೂ ಪೈಪ್ ಇದೆಯೇ, ಬಚ್ಚಲಲ್ಲಿ ಗೀಸರ್ ಪಾಯಿಂಟ್ ಕೊಟ್ಟಿದ್ದಾರೆಯೇ?

ರಫೀಕ್, ನಿಮ್ಮ 160 ಸರಿ. ಆದರೆ ಅದು ಕೇಬಲ್ ಎಷ್ಟು ಬಿಸಿಯನ್ನು ತಡೆದೀತು ಎನ್ನುವ ಪ್ರಶ್ನೆಗೆ ಉತ್ತರ. ಆ ತುದಿಯಲ್ಲಿ ಎಷ್ಟು ವೋಲ್ಟೇಜ್ ಉಳಿದೀತು ಎನ್ನುವುದು ಬೇರೆ ಪ್ರಶ್ನೆ. 30 ಮೀಟರಿಗೆ ಮೊದಲನೆಯದು ಕೇಬಲ್ ಸೈಜ್ ನಿರ್ಧರಿಸುತ್ತದೆ, 150 ಮೀಟರಿಗೆ ಎರಡನೆಯದು.

ಕೊಪ್ಪದವರೇ, ನಿಮ್ಮ ತೊಂದರೆ ನಿಜ, ಆದರೆ ಅದರ ಮೂಲ ಬೇರೆ. ಸಂಜೆ ಅದೇ ಹೊತ್ತಿಗೆ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಎಷ್ಟಿದೆ, ನಿಮ್ಮ ಮೀಟರಿನಲ್ಲಿ ಎಷ್ಟಿದೆ, ಬೋರ್ ಬಾಯಲ್ಲಿ ಎಷ್ಟಿದೆ ಎಂದು ನೋಡಿ. ಮೀಟರಿಗೆ ಬರುವಾಗಲೇ 350 ಇದ್ದರೆ ಅಲ್ಲಿಂದ ಮುಂದಿನ ಕೇಬಲ್ ಎಷ್ಟು ದಪ್ಪ ಮಾಡಿದರೂ 350ರ ಮೇಲೆ ಏರದು. ಎಲ್ಲಿ ಬೀಳುತ್ತಿದೆಯೋ ಅಲ್ಲಿ ಸರಿ ಮಾಡಬೇಕು. ನಿಮ್ಮಲ್ಲಿ ಬೀಳುತ್ತಿರುವುದು ಬಹುಶಃ ಓವರ್‌ಹೆಡ್ ಲೈನಿನಲ್ಲಿ.

---

ಸಹನಾ_ಸಾಗರ

ವಿಚಾರಿಸಿದೆ ಸರ್. ಸೋಲಾರ್ ಪೈಪ್ ಮನೆಗೆ ಒಂದೇ ಬಚ್ಚಲಿಗೆ ಬರುತ್ತದೆ. ಗೀಸರ್ ಪಾಯಿಂಟ್ ಮಾತ್ರ ಎರಡೂ ಬಚ್ಚಲಲ್ಲಿ ಇದೆ. ಸೈಟ್ ಎಂಜಿನಿಯರ್ ಹೇಳಿದ್ದು, "ಮಳೆಗಾಲಕ್ಕೆ ಬೇಕಾಗುತ್ತದಲ್ಲ ಮೇಡಂ" ಅಂತ.

ತೋಡಿನ ಗುಂಟ ನಾನೂ ನಮ್ಮ ಯಜಮಾನರೂ ಟೇಪ್ ಹಿಡಿದು ಅಳೆದೆವು. ಪ್ಯಾನೆಲ್ ಏರುವುದನ್ನೂ ಸೇರಿಸಿ 148 ಮೀಟರ್ ಬಂತು.

---

ಜೋಗದ_ನೀರು

ಆ ಸೈಟ್ ಎಂಜಿನಿಯರ್ ಹೇಳಿದ ಒಂದು ಮಾತು ವರದಿಯ ಟಿಪ್ಪಣಿಯನ್ನು ಹೊಡೆದುಹಾಕುತ್ತದೆ.

0.4 ಎಂಬ ಡೈವರ್ಸಿಟಿ ಬಯಲುಸೀಮೆಯ ಊರುಗಳ ಯೋಜನೆಗಳಲ್ಲಿ ಕೈಯಿಂದ ಕೈಗೆ ಬರುವ ಅಂಕಿ. ಅಲ್ಲಿ ಸೋಲಾರ್ ಹೆಚ್ಚುಕಡಿಮೆ ವರ್ಷವಿಡೀ ಕೆಲಸ ಮಾಡುತ್ತದೆ, ಗೀಸರ್ ಆಗೊಮ್ಮೆ ಈಗೊಮ್ಮೆ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಜುಲೈ ತಿಂಗಳು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ವಾರಗಟ್ಟಲೆ ಬಿಸಿಲು ಕಾಣದು, ಸೋಲಾರ್ ಟ್ಯಾಂಕಿನಲ್ಲಿ ತಣ್ಣೀರೇ. ಹಳೆಯ ಮನೆಗಳಲ್ಲಿ ಬಚ್ಚಲ ಒಲೆ ಇತ್ತು, ಅಡಿಕೆ ಸಿಪ್ಪೆ ಹಾಕಿ ಹಂಡೆ ಕಾಯಿಸುತ್ತಿದ್ದೆವು. ಫ್ಲಾಟಿನಲ್ಲಿ ಆ ಕೆಲಸವೆಲ್ಲ ಗೀಸರಿನ ತಲೆಗೆ. ಅದೂ ಎಲ್ಲ ಮನೆಯಲ್ಲೂ ಆರೂವರೆಯಿಂದ ಎಂಟರೊಳಗೆ, ಶಾಲೆ ಮತ್ತು ಆಫೀಸಿನ ಹೊತ್ತಿಗೆ. ಲೋಡ್ ಲೆಕ್ಕ ಮಾಡಬೇಕಾದದ್ದು ಆ ತೊಂಬತ್ತು ನಿಮಿಷಕ್ಕೆ.

ನೀವು ಗಣಿತದವರು, ಇದನ್ನು ನೀವೇ ಪರಿಶೀಲಿಸಬಹುದು. 15 ಲೀಟರ್ ನೀರನ್ನು 22 ಡಿಗ್ರಿಯಿಂದ 60ಕ್ಕೆ ಏರಿಸಲು 2 ಕಿಲೋವ್ಯಾಟ್ ಗೀಸರಿಗೆ ಹೆಚ್ಚುಕಡಿಮೆ 20 ನಿಮಿಷ ಬೇಕು. ಒಂದು ಬಚ್ಚಲಲ್ಲಿ ಇಬ್ಬರ ಸ್ನಾನ ಎಂದರೆ ಎರಡು ಸಲ ಕಾಯಬೇಕು. ನಡುವಿನ ನಷ್ಟವೂ ಸೇರಿ 45 ನಿಮಿಷ. ಅಂದರೆ ತೊಂಬತ್ತರಲ್ಲಿ ಅರ್ಧ ಹೊತ್ತು ಆ ಗೀಸರ್ ಉರಿಯುತ್ತಿರುತ್ತದೆ. 48 ಗೀಸರ್ ಇದ್ದರೆ ಯಾವುದೇ ಕ್ಷಣದಲ್ಲಿ ಸರಾಸರಿ 24 ಉರಿಯುತ್ತಿರುತ್ತವೆ. ಆದರೆ ಕೇಬಲನ್ನು ಸರಾಸರಿಗೆ ಆರಿಸುವಂತಿಲ್ಲ. ಏರಿಳಿತಕ್ಕೆ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಸೇರಿಸಿದರೆ 31 ಗೀಸರ್, ಅಂದರೆ 62 ಕಿಲೋವ್ಯಾಟ್. ಫ್ರಿಜ್, ಮಿಕ್ಸಿ, ದೀಪ, ಇಸ್ತ್ರಿ ಎಂದು ಮನೆಗೆ 0.8ರಂತೆ 19. ಲಿಫ್ಟ್, ಪಂಪಿಗೆ ಆ ಹೊತ್ತಿನಲ್ಲಿ 10. ಒಟ್ಟು 91 ಕಿಲೋವ್ಯಾಟ್. ಗೀಸರ್ ಹೆಚ್ಚಿರುವಾಗ ಪವರ್ ಫ್ಯಾಕ್ಟರ್ ಚೆನ್ನಾಗಿರುತ್ತದೆ, 0.95 ಹಾಕೋಣ. ಕೆಳಗೆ R ಎಂದರೆ 90 ಡಿಗ್ರಿಯ ರೆಸಿಸ್ಟೆನ್ಸ್, X ಎಂದರೆ ರಿಯಾಕ್ಟೆನ್ಸ್.

```
I  = 91000 / (1.732 × 415 × 0.95) = 133 A
ΔV = 1.732 × I × L × (R cosφ + X sinφ),  L = 0.15 km
70 mm²  : 1.732 × 133 × 0.15 × 0.563 = 19.5 V  (4.7 %)
120 mm² : 1.732 × 133 × 0.15 × 0.332 = 11.5 V  (2.8 %)
```

ಇದರ ಜೊತೆಗೆ ರಫೀಕ್ ಹೇಳಿದ 160ರ ಲೆಕ್ಕವನ್ನೂ ಮತ್ತೆ ನೋಡಬೇಕು. ಆ ಅಂಕಿ ಒಂದೇ ಕೇಬಲ್ ನೇರ ಮಣ್ಣಿನಲ್ಲಿ ಇದ್ದಾಗಿನದು. ನಿಮ್ಮಲ್ಲಿ ಸ್ವಲ್ಪ ದೂರ ಪೈಪಿನೊಳಗೆ ಹೋಗುತ್ತದೆ, ಅದೇ ತೋಡಿನಲ್ಲಿ ಬೇರೆ ಕೇಬಲ್‌ಗಳೂ ಇರುತ್ತವೆ. 0.8ರಿಂದ ಗುಣಿಸಿ ತಗ್ಗಿಸಿದರೆ 128 ಉಳಿಯಿತು. ಬೆಳಗಿನ ಲೋಡ್ 133. ಹಾಗಾಗಿ ಬಿಸಿಯ ಲೆಕ್ಕದಲ್ಲೂ 70 ನಿಲ್ಲುವುದಿಲ್ಲ. ಒದ್ದೆ ಮಣ್ಣಿನ ಮಾತು ಮಾತ್ರ ನಿಮ್ಮದು ಸರಿ ರಫೀಕ್. ಈ ಲೋಡ್ ಬರುವುದೇ ಮಳೆಗಾಲದಲ್ಲಿ, ಆಗ ಮಣ್ಣು ಶಾಖವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಜಂಬಿಟ್ಟಿಗೆ ನೆಲ ಒಣಗಿ ಬಿರಿಯುವ ಏಪ್ರಿಲ್‌ನಲ್ಲಿ ಗೀಸರ್ ಲೋಡೇ ಇರುವುದಿಲ್ಲ. ಹಾಗಾಗಿ 70 ಹಾಕಿದರೂ ಸುಟ್ಟುಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಬಿ ಬ್ಲಾಕಿನ ಮೇಲಿನ ಮನೆಗಳಿಗೆ ಬೆಳಿಗ್ಗೆ ವೋಲ್ಟೇಜ್ ಸಾಲದು, ನನ್ನ ವಾದ ಅಷ್ಟೇ.

---

ಟೆಸ್ಟ್_ಬೆಂಚ್

ಸರ್, ಒಂದು ಕಡೆ ನನ್ನ ಆಕ್ಷೇಪ ಇದೆ. ರೆಸಿಸ್ಟೆನ್ಸಿಗೆ ಎಲ್ಲೆಡೆ 90 ಡಿಗ್ರಿ ಹಾಕಿದ್ದು ಅತಿಯಾಯಿತು. ಪೂರ್ತಿ ಸಾಮರ್ಥ್ಯದಷ್ಟು ಕರೆಂಟ್ ಹರಿದಾಗ ಮಾತ್ರ ತಂತಿ 90 ಮುಟ್ಟುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗದಂತೆ. 120ರ ಕೇಬಲಿಗೆ ಕೋಷ್ಟಕದಲ್ಲಿ 219, ನಿಮ್ಮ 0.8 ಹಾಕಿ 175. ಅದರಲ್ಲಿ 133 ಹರಿದರೆ, ನೆಲ 30 ಡಿಗ್ರಿ ಇದ್ದಾಗ ತಂತಿ 65ರ ಹತ್ತಿರ ಇರುತ್ತದೆ. ರೆಸಿಸ್ಟೆನ್ಸ್ ಶೇ. 8ರಷ್ಟು ಕಡಿಮೆ. ಮೇಲಾಗಿ ತೊಂಬತ್ತು ನಿಮಿಷದಲ್ಲಿ ಮಣ್ಣಿನೊಳಗಿನ ಕೇಬಲ್ ಪೂರ್ತಿ ಬಿಸಿಯಾಗುವುದೂ ಇಲ್ಲ. ಕನ್ಸಲ್ಟೆಂಟ್ 20 ಹಾಕಿದ್ದು ತಪ್ಪು, ಒಪ್ಪುತ್ತೇನೆ. 90 ಹಾಕಿ ಅವರ ವರದಿಯನ್ನು ಫೇಲ್ ಮಾಡುವುದೂ ನ್ಯಾಯವಲ್ಲ.

---

ಜೋಗದ_ನೀರು

ನಿಮ್ಮ ಲೆಕ್ಕ ಸರಿ. ಅವರ 93 ಆಂಪಿಯರಿಗೆ 70ರ ಕೇಬಲ್ 61 ಡಿಗ್ರಿ ಸುಮಾರಿಗೆ ಬರುತ್ತದೆ, ಆಗ ಡ್ರಾಪ್ ಶೇ. 3.2 ಅಲ್ಲ, 2.9. ಅವರ ಲೋಡನ್ನು ಒಪ್ಪಿದರೆ ಅವರ ಮಿತಿಯೊಳಗೇ ಕೂರುತ್ತದೆ. ಆದರೆ 133 ಹರಿದರೆ 70ರ ಕೇಬಲ್ ತನ್ನ ಮಿತಿ ಮುಟ್ಟಿರುತ್ತದೆ. ಆಗ 90 ಹಾಕದೆ ಬೇರೆ ಏನು ಹಾಕುತ್ತೀರಿ? ವರದಿಗೆ ನಾನು 90ನ್ನೇ ಬರೆಯುತ್ತೇನೆ, ಯಾವ ತಾಪಮಾನ ಎಂದು ಪಕ್ಕದಲ್ಲೇ ನಮೂದಿಸುತ್ತೇನೆ. ಓದುವವರು ಬೇಕಾದರೆ ಕಡಿಮೆ ಮಾಡಿಕೊಳ್ಳಬಹುದು. ಈ ವರದಿಯಲ್ಲಿ ತಾಪಮಾನದ ಸುದ್ದಿಯೇ ಇಲ್ಲ, ನನಗೆ ಬೇಸರವಾಗಿರುವುದು ಅದಕ್ಕೆ. ಊಹೆ ಬರೆಯದಿದ್ದರೆ ಪರಿಶೀಲಿಸುವುದು ಹೇಗೆ?

---

ಗೋಪಾಳ_ನಿವಾಸಿ

ನಾನು ಶಿವಮೊಗ್ಗದ ಗೋಪಾಳದಲ್ಲಿ 16 ಮನೆಗಳ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಕಳೆದ ಮಳೆಗಾಲದಲ್ಲಿ ಮೂರನೇ ಮಹಡಿಯವರು ಬೆಳಿಗ್ಗೆ ದೀಪ ಮಂಕಾಗುತ್ತದೆ ಎಂದು ದೂರಿದಾಗ, ಎಲೆಕ್ಟ್ರೀಷಿಯನ್ ಕರೆಸಿ ಮೇನ್ ಪ್ಯಾನೆಲಿನಲ್ಲಿ ಕ್ಲ್ಯಾಂಪ್ ಮೀಟರ್ ಹಾಕಿಸಿದ್ದೆವು. ಏಳೂಕಾಲಕ್ಕೆ ಆರ್ ಫೇಸಿನಲ್ಲಿ 82, ವೈ 51, ಬಿ 64 ಆಂಪಿಯರ್. ಲಿಫ್ಟ್ ಆಗ ಓಡುತ್ತಿರಲಿಲ್ಲ. ಲೆಕ್ಕ ಹಾಕಿದರೆ ಮನೆಗೆ 3 ಕಿಲೋವ್ಯಾಟಿಗೆ ಹತ್ತಿರ. ವರದಿಯವರು ಮನೆಗೆ 2 ಅಂದಿದ್ದಾರೆ, ಜೋಗದವರು 3.4 ಅಂದಿದ್ದಾರೆ. ನಮ್ಮದು ನಡುವೆ ಬಂತು. ನಮ್ಮಲ್ಲಿ ಅರ್ಧದಷ್ಟು ಮನೆಗಳಲ್ಲಿ ಒಂದೇ ಗೀಸರ್ ಇದೆ ಎನ್ನುವುದನ್ನೂ ಹೇಳಬೇಕು.

---

ಜೋಗದ_ನೀರು

ಇಂಥ ಒಂದು ಅಳತೆ ಹತ್ತು ಕೋಷ್ಟಕಕ್ಕೆ ಸಮ. ನಿಮ್ಮ ಮೂರು ಅಂಕಿಗಳಲ್ಲಿ ಮೊತ್ತಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: 82, 51, 64. ಮೂರು ಫೇಸ್ ಸಮ ಇಲ್ಲ.

ಮೇಲೆ ನಾನು ಬರೆದ ಸೂತ್ರ ಮೂರೂ ಫೇಸಿನಲ್ಲಿ ಒಂದೇ ಕರೆಂಟ್ ಇದೆ ಎಂದು ಹಿಡಿಯುತ್ತದೆ. ಆಗ ನ್ಯೂಟ್ರಲ್‌ನಲ್ಲಿ ಏನೂ ಹರಿಯುವುದಿಲ್ಲ. ಸಿಂಗಲ್ ಫೇಸ್ ಮನೆಗಳ ಕಟ್ಟಡದಲ್ಲಿ ಹಾಗೆ ಎಂದೂ ಇರುವುದಿಲ್ಲ. ಸಹನಾ ಅವರ ಬ್ಲಾಕಿನಲ್ಲಿ ಅದೇ 133 ಸರಾಸರಿಯನ್ನು 160, 130, 110 ಎಂದು ಹಂಚಿ ನೋಡಿ. 120ರ ಕೇಬಲ್ಲೇ ಇರಲಿ. ಆರ್ ಫೇಸ್ ತಂತಿಯಲ್ಲಿ 160 ಆಂಪಿಯರಿಗೆ 7.8 ವೋಲ್ಟ್ ಬೀಳುತ್ತದೆ. ನ್ಯೂಟ್ರಲ್‌ನಲ್ಲಿ ಆರ್ ಫೇಸಿನ ದಿಕ್ಕಿನಲ್ಲಿ 40 ಆಂಪಿಯರ್ ವಾಪಸು ಹರಿಯುತ್ತದೆ. ಮೂರೂವರೆ ಕೋರಿನ 120ರಲ್ಲಿ ನ್ಯೂಟ್ರಲ್ ಬರೀ 70, ಅದರಲ್ಲಿ ಇನ್ನೂ 3.4 ವೋಲ್ಟ್. ಒಟ್ಟು 11.2, ಅದೂ 240ರಲ್ಲಿ. ಶೇ. 4.7! ಸಮತೋಲನದ ಸೂತ್ರ 2.8 ಎಂದು ತೋರಿಸಿತ್ತು.

ಹಾಗಾಗಿ ಈ ಬ್ಲಾಕಿಗೆ ನಾನು ನಾಲ್ಕು ಕೋರಿನ 120 ಹೇಳುತ್ತೇನೆ, ನ್ಯೂಟ್ರಲ್ ಕೂಡ ಪೂರ್ತಿ 120. ಆಗ ಅದೇ ಕೆಟ್ಟ ಹಂಚಿಕೆಯಲ್ಲಿ ಡ್ರಾಪ್ ಶೇ. 4.1. ಇದಕ್ಕಿಂತ ಅಗ್ಗದ ದಾರಿ ಮೀಟರ್ ಪ್ಯಾನೆಲಿನಲ್ಲಿ ಮನೆಗಳನ್ನು ಹಂಚುವ ಕ್ರಮ. ಮಹಡಿಗೊಂದು ಫೇಸ್ ಎಂದು ಕಟ್ಟಬೇಡಿ. ಪ್ರತಿ ಮಹಡಿಯ ಆರು ಮನೆಗಳನ್ನು ಎರಡೆರಡರಂತೆ ಮೂರೂ ಫೇಸಿಗೆ ಹಂಚಿ. ಎಲ್ಲರೂ ಬಂದು ನೆಲೆಸಿದ ಮೇಲೆ ಒಂದು ಬೆಳಿಗ್ಗೆ ಕ್ಲ್ಯಾಂಪ್ ಹಾಕಿ ನೋಡಿ, ಬೇಕಾದರೆ ಒಂದೆರಡು ಮನೆಯನ್ನು ಆಚೀಚೆ ಮಾಡಿ.

---

ವೈರಿಂಗ್_ರಫೀಕ್

ಜೋಗದ ಸರ್, ನ್ಯೂಟ್ರಲ್ ವಿಷಯ ಒಪ್ಪಿದೆ. ಮಹಡಿಗೊಂದು ಫೇಸ್ ಕಟ್ಟುವುದು ನಮ್ಮವರ ರೂಢಿ, ಹುಡುಕಲು ಸುಲಭ ಅಂತ. ಮೇಲಿನ ಮಹಡಿಯಲ್ಲಿ ಮನೆಗಳು ತುಂಬಿ ಕೆಳಗೆ ಖಾಲಿ ಇದ್ದರೆ ಒಂದೇ ಫೇಸಿಗೆ ಹೊರೆ ಬೀಳುವುದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ನನ್ನ ಕಡೆಯಿಂದ. ಮೀಟರ್ ಪ್ಯಾನೆಲಿನಿಂದ ಮನೆಯ ತನಕ ಎಷ್ಟು ಸೈಜ್ ಹೇಳಿದ್ದಾರೆ ಮೇಡಂ? ಎಲ್ಲರೂ ದೊಡ್ಡ ಕೇಬಲ್ ನೋಡುತ್ತಾರೆ, ಇದನ್ನು ನೋಡುವುದಿಲ್ಲ.

---

ಸಹನಾ_ಸಾಗರ

ಎಲ್ಲ ಮನೆಗೂ 6 ಸ್ಕ್ವೇರ್ ಎಂಎಂ ತಾಮ್ರ ಎಂದಿದೆ. ಅದಕ್ಕೆ ವೋಲ್ಟೇಜ್ ಡ್ರಾಪ್ ಲೆಕ್ಕವೇ ಕೊಟ್ಟಿಲ್ಲ. ನಾಲ್ಕನೇ ಅಂತಸ್ತಿನ ಕೊನೆಯ ಮನೆಗೆ ಡಕ್ಟ್ ಮೂಲಕ 35 ಮೀಟರ್ ಆಗುತ್ತದೆ ಎಂದು ಸೈಟಿನವರು ಹೇಳಿದರು.

---

ಜೋಗದ_ನೀರು

ರಫೀಕ್ ಸರಿಯಾದ ಜಾಗದಲ್ಲಿ ಕೈ ಇಟ್ಟರು.

ಎರಡೂ ಗೀಸರ್ ಉರಿಯುತ್ತ ಮೇಲೆ ಸ್ವಲ್ಪ ಬೇರೆ ಲೋಡ್ ಇದ್ದರೆ ಆ ಮನೆಗೆ 24 ಆಂಪಿಯರ್. ಸಿಂಗಲ್ ಫೇಸಿನಲ್ಲಿ ಹೋಗುವ ದಾರಿ, ಬರುವ ದಾರಿ ಎರಡನ್ನೂ ಎಣಿಸಬೇಕು, ಹಾಗಾಗಿ 35 ಮೀಟರ್ ಎಂದರೆ 70 ಮೀಟರ್ ತಂತಿ. 6ರ ತಾಮ್ರದಲ್ಲಿ 6.2 ವೋಲ್ಟ್, ಶೇ. 2.7. 10 ಹಾಕಿದರೆ 3.7 ವೋಲ್ಟ್, ಶೇ. 1.6. ಎಲ್ಲ ಮನೆಗೂ 10 ಬೇಡ. ಪ್ಯಾನೆಲಿನಿಂದ 20 ಮೀಟರಿನೊಳಗಿನ ಮನೆಗಳಿಗೆ 6 ಸಾಕು. ದೂರದವರಿಗೆ ಮಾತ್ರ 10 ಕೇಳಿ.

ಈಗ ಒಟ್ಟು ಕೂಡಿಸೋಣ. ಟ್ರಾನ್ಸ್‌ಫಾರ್ಮರ್‌ನಿಂದ ಬ್ಲಾಕಿಗೆ ಕೆಟ್ಟ ಫೇಸಿನಲ್ಲಿ 4.1, ಅಲ್ಲಿಂದ ಮನೆಗೆ 1.6, ಮನೆಯೊಳಗೆ ಗೀಸರಿನ ತಂತಿಗೆ 1, ದೀಪಕ್ಕೆ 0.3. ಕೊನೆಯ ಮನೆಯ ದೀಪಕ್ಕೆ ಒಟ್ಟು ಶೇ. 6, ಗೀಸರಿಗೆ 6.7. ಗೀಸರಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ನೀರು ಒಂದೆರಡು ನಿಮಿಷ ತಡವಾಗಿ ಕಾಯುತ್ತದೆ. ಫ್ರಿಜ್ ಮತ್ತು ಪಂಪಿನ ಮೋಟಾರಿಗೆ ಕಡಿಮೆ ವೋಲ್ಟೇಜಿನಲ್ಲಿ ಶುರುವಾಗುವುದೇ ಕಷ್ಟ.

---

ಟೆಸ್ಟ್_ಬೆಂಚ್

ಆದರೆ ಶೇ. 6 ಮಿತಿಯೊಳಗಿದೆಯೇ ಹೊರಗಿದೆಯೇ? ವೈರಿಂಗಿನ ಭಾರತೀಯ ಮಾನದಂಡ ಐಎಸ್ 732ರ 2019ರ ಆವೃತ್ತಿಯಲ್ಲಿ ಎರಡು ಜೋಡಿ ಅಂಕಿ ಇವೆ. ಸಾರ್ವಜನಿಕ ಲೋ ವೋಲ್ಟೇಜ್ ಜಾಲದಿಂದ ನೇರ ಸಂಪರ್ಕ ಇದ್ದರೆ ದೀಪಕ್ಕೆ 3, ಉಳಿದದ್ದಕ್ಕೆ 5. ಖಾಸಗಿ ಟ್ರಾನ್ಸ್‌ಫಾರ್ಮರ್‌ನಿಂದ ಬಂದರೆ 6 ಮತ್ತು 8. ಕನ್ಸಲ್ಟೆಂಟ್ 3 ಎಂದು ಬರೆದು, ಅದನ್ನು ಬರೀ ಈ ಒಂದು ಕೇಬಲಿಗೆ ಅನ್ವಯಿಸಿದ್ದಾರೆ. ಅದು ಇಡೀ ದಾರಿಯ ಮಿತಿ, ಒಂದು ತುಂಡಿನದಲ್ಲ.

ಇಲ್ಲಿ ಟ್ರಾನ್ಸ್‌ಫಾರ್ಮರ್ ಯಾರದ್ದು ಎನ್ನುವುದರ ಮೇಲೆ ಉತ್ತರ ನಿಂತಿದೆ. ಬಿಲ್ಡರ್ ಹಾಕಿಸಿ ಮೆಸ್ಕಾಂಗೆ ವಹಿಸಿಕೊಟ್ಟರೆ, ಮನೆಯವರ ಲೆಕ್ಕ ಮೀಟರಿನಿಂದ ಶುರುವಾಗುತ್ತದೆ. ಆಗ 1.6 ಮತ್ತು 0.3, ಒಟ್ಟು 1.9, ಆರಾಮಾಗಿ ಪಾಸ್. ಟ್ರಾನ್ಸ್‌ಫಾರ್ಮರ್ ಸಂಘದ ಸ್ವಂತದ್ದಾದರೆ ಇಡೀ ದಾರಿ ಎಣಿಸಬೇಕು, ಆದರೆ ಮಿತಿಯೂ 6ಕ್ಕೆ ಏರುತ್ತದೆ.

---

ಜೋಗದ_ನೀರು

ನಿಯಮದ ಓದು ಸರಿ. ಆದರೆ ಮೊದಲನೆಯ ಓದಿನಲ್ಲಿ ಈ 150 ಮೀಟರ್ ಯಾರ ಲೆಕ್ಕಕ್ಕೂ ಬರದೆ ನಡುವೆ ಬಿದ್ದುಹೋಗುತ್ತದೆ. ಕಾಂಪೌಂಡಿನೊಳಗೆ, ಬಿಲ್ಡರ್ ದುಡ್ಡಿನಲ್ಲಿ, ಮೀಟರಿಗಿಂತ ಮುಂಚೆ ಇರುವ ಕೇಬಲ್ ಅದು. ಮನೆಯ ದೀಪಕ್ಕೆ ಕಾಗದದ ಮೇಲಿನ ಗಡಿ ತಿಳಿಯುವುದಿಲ್ಲ. ಇಡೀ ದಾರಿಯನ್ನು ಎಣಿಸಬೇಕು ಎಂಬುದು ನನ್ನ ನಿಲುವು. ಒಪ್ಪದವರು ಇದ್ದಾರೆ, ಅವರ ಬಳಿಯೂ ಕಾರಣ ಇದೆ.

ಒಂದು ಸಮಾಧಾನ ಏನೆಂದರೆ, 11 ಕೆವಿ ಟ್ರಾನ್ಸ್‌ಫಾರ್ಮರ್ ಖಾಲಿ ಇರುವಾಗ 433 ವೋಲ್ಟ್ ಕೊಡುವಂತೆ ಮಾಡಿರುತ್ತಾರೆ, ಲೋಡ್ ಬಂದಾಗ ತನ್ನೊಳಗೆ ಬೀಳುವುದನ್ನು ತುಂಬಲು. ಟ್ಯಾಪ್ ಬದಲಿಸಿಯೂ ಒಂದಿಷ್ಟು ಏರಿಸಬಹುದು. ಆದರೆ ಟ್ಯಾಪ್ ಏರಿಸಿದರೆ ರಾತ್ರಿ ಲೋಡ್ ಇಲ್ಲದಾಗ ಎ ಬ್ಲಾಕಿನವರಿಗೆ ವೋಲ್ಟೇಜ್ ಜಾಸ್ತಿಯಾಗುತ್ತದೆ. ಕೇಬಲಿನಲ್ಲಿ ಉಳಿಸಿದ್ದನ್ನು ಟ್ಯಾಪಿನಲ್ಲಿ ತುಂಬುವ ಯೋಚನೆಯಿಂದ ಶುರು ಮಾಡಬೇಡಿ.

---

ಅಡಿಕೆತೋಟ_ಕೊಪ್ಪ

ಜೋಗದವರು ಹೇಳಿದಂತೆ ನೋಡಿಸಿದೆ. ಸಂಜೆ ಟ್ರಾನ್ಸ್‌ಫಾರ್ಮರ್ ಬುಡದಲ್ಲಿ 405, ನಮ್ಮ ಮೀಟರಿನಲ್ಲಿ 352, ಬೋರ್ ಬಾಯಲ್ಲಿ 346. ಲೈನಿನಲ್ಲೇ ಬೀಳುತ್ತಿದೆ. ಈ ಅಂಕಿ ಬರೆದು ಅರ್ಜಿ ಕೊಡುತ್ತೇನೆ. ಧನ್ಯವಾದ.

---

ಸಹನಾ_ಸಾಗರ

ನಿಮ್ಮೆಲ್ಲರ ಅಂಕಿಗಳನ್ನು ಹಿಡಿದುಕೊಂಡು ನಮ್ಮ ಸಂಘದ ಮೂವರು ಕನ್ಸಲ್ಟೆಂಟರ ಬಳಿ ಹೋಗಿದ್ದೆವು. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಮನೆಗೆ 3.4 ಕಿಲೋವ್ಯಾಟನ್ನು ಒಪ್ಪಲಿಲ್ಲ, ಎಲ್ಲರೂ ಎರಡು ಗೀಸರ್ ಹಾಕಿಸುವುದಿಲ್ಲ ಎಂದರು. ಗೋಪಾಳದವರ ಅಳತೆ ತೋರಿಸಿದ ಮೇಲೆ 3ಕ್ಕೆ ಒಪ್ಪಿದರು. ಸೋಲಾರ್ ಟಿಪ್ಪಣಿಯನ್ನು ತೆಗೆಯುತ್ತಾರೆ. ನಾಲ್ಕು ಕೋರಿನ 120 ಹಾಕಲು ಬಿಲ್ಡರ್ ಒಪ್ಪಿದ್ದಾರೆ, ದೂರದ ಮನೆಗಳಿಗೆ 10ರ ತಾಮ್ರವನ್ನೂ ಒಪ್ಪಿದ್ದಾರೆ. ಟ್ರಾನ್ಸ್‌ಫಾರ್ಮರ್ ಮೆಸ್ಕಾಂಗೆ ಹೋಗುವುದರಿಂದ ದೊಡ್ಡ ಕೇಬಲ್ ಡ್ರಾಪ್ ಲೆಕ್ಕಕ್ಕೆ ಸೇರದು ಎಂಬ ಮಾತನ್ನು ಮಾತ್ರ ಅವರು ಬಿಡಲಿಲ್ಲ. ವರದಿಯಲ್ಲಿ ಎರಡೂ ರೀತಿಯ ಮೊತ್ತ ಬರೆಯಿರಿ ಎಂದು ಕೇಳಿದ್ದೇವೆ.

ಒಂದು ಸಂದೇಹ ಉಳಿದಿದೆ. ಪ್ಯಾನೆಲಿನಲ್ಲಿ 125 ಆಂಪಿಯರಿನ ಎಂಸಿಸಿಬಿ ಬ್ರೇಕರ್ ಎಂದಿದೆ. ಅದು ಹಾಗೇ ಇರಲೇ?

---

ಜೋಗದ_ನೀರು

ಬೇಡ, 160 ಮಾಡಿಸಿ. ಲೋಡ್ 133, ಎಂಸಿಸಿಬಿ 160, ಕೇಬಲ್ 175, ಈ ಕ್ರಮ ಸರಿಯಾಗಿದೆ. 125 ಇಟ್ಟರೆ ಕೆಲವು ಬೆಳಿಗ್ಗೆ ಏನೂ ಆಗದು, ಶೇ. 5ರಷ್ಟು ಮೀರಿದರೆ ಅದು ಬೀಳುವುದಿಲ್ಲ. ಶೇ. 30 ಮೀರಿ ನಿಂತರೆ ಎರಡು ಗಂಟೆಯೊಳಗೆ ಬೀಳಲೇಬೇಕು. ಆರ್ ಫೇಸಿನಲ್ಲಿ 160 ಇದ್ದ ದಿನ ಸರಿಯಾಗಿ ಸ್ನಾನದ ಹೊತ್ತಿಗೆ ಇಡೀ ಬ್ಲಾಕ್ ಕತ್ತಲಾಗಬಹುದು. ಹಾಗೆಂದು ಹಳೆಯ 70ರ ಕೇಬಲಿಗೆ ಯಾರೂ 160 ಹಾಕಬಾರದು, ಆಗ ಕೇಬಲಿಗೆ ರಕ್ಷಣೆಯೇ ಇರುವುದಿಲ್ಲ.

---

ವೈರಿಂಗ್_ರಫೀಕ್

ಮೇಡಂ, ಕೇಬಲ್ ಡ್ರಮ್ ಬರುವ ಮೊದಲು ತೋಡು ನೋಡಿಸಿ. ನಾಲ್ಕು ಕೋರಿನ 120 ಆರ್ಮರ್ಡ್ ಅಂದರೆ ದಪ್ಪ 40 ಎಂಎಂ ಮೀರುತ್ತದೆ. ಅದರ 12 ಪಟ್ಟಿಗಿಂತ ಬಿಗಿಯಾಗಿ ಬಗ್ಗಿಸುವಂತಿಲ್ಲ, ಅಂದರೆ ತಿರುವಿಗೆ ಅರ್ಧ ಮೀಟರ್ ತ್ರಿಜ್ಯ ಬೇಕು. 70ರ ಲೆಕ್ಕದಲ್ಲಿ ತಡೆಗೋಡೆ ಹತ್ತಿರ ಚೌಕ ಮೂಲೆ ತೋಡಿದ್ದರೆ ಅಲ್ಲಿ ಒಳಬದಿಯನ್ನು ಓರೆಯಾಗಿ ಕಡಿಸಬೇಕು. ಪೈಪ್ ಎಷ್ಟರದ್ದು ಹಾಕಿದ್ದಾರೆ ಅದನ್ನೂ ಕೇಳಿ, 100 ಎಂಎಂಗಿಂತ ಸಣ್ಣದಿದ್ದರೆ ತಿರುವಿನಲ್ಲಿ ಎಳೆಯುವಾಗ ಕಚ್ಚಿಕೊಳ್ಳುತ್ತದೆ.

---

ಸಹನಾ_ಸಾಗರ

ಪೈಪ್ 80ರದ್ದಂತೆ. ಮೂಲೆಯೂ ಚೌಕವೇ ಇದೆ. ನಾಳೆ ಬೆಳಿಗ್ಗೆ ಸೈಟಿಗೆ ಹೋಗಿ ಎರಡನ್ನೂ ಬದಲಿಸಲು ಹೇಳುತ್ತೇನೆ.